ಡ್ರಾಯರಿನಲ್ಲಿ ಹೆಚ್ಚಾದ ಹಣ

ತಂಗಿ ತೀರಿಕೊಂಡ ಮೇಲೆ ಕಾಪುವಿನಲ್ಲಿದ್ದ ಅವಳ ಬ್ಯೂಟಿ ಪಾರ್ಲರನ್ನು ಮುಂದುವರಿಸುವುದೋ ಬಿಡುವುದೋ ಎಂದು ಕಟ್ಟಡದ ಮಾಲಕರಿಗೆ ಹೇಳಬೇಕಿತ್ತು. ಲಾಭ ಬಂದರೆ ಇಟ್ಟುಕೊಳ್ಳುವುದು ಎಂದುಕೊಂಡೆ. ಬರುತ್ತಿತ್ತೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ. ಮನೆಯ ಮೀನಿಗೂ ಗ್ಯಾಸಿಗೂ ಫೇಶಿಯಲ್ ಕ್ರೀಮಿಗೂ ಅವಳು ಒಂದೇ ಡ್ರಾಯರಿಗೆ ಕೈ ಹಾಕುತ್ತಿದ್ದಳು.

ನಾನು ಮನೆಯ ದುಡ್ಡನ್ನು ಬೇರೆ ಪರ್ಸಿಗೆ ಹಾಕಿದೆ. ಫೋನಿನಲ್ಲಿ ಬರುವ ಹಣಕ್ಕೆ ಬೇರೆ ಖಾತೆ ಮಾಡಿಸಿದೆ. ಬೆಳಿಗ್ಗೆ ಡ್ರಾಯರಿನಲ್ಲಿ ಐನೂರು ರೂಪಾಯಿ ಚಿಲ್ಲರೆ ಇಟ್ಟು, ದಿನದ ನಗದು ಕೂಡಿಸಿ, ನಗದು ಖರ್ಚು ಕಳೆದು, ಸಂಜೆ ಎಣಿಸುವುದು. ಎಣಿಸಿದಾಗಲೆಲ್ಲ ಲೆಕ್ಕಕ್ಕಿಂತ ಇನ್ನೂರೋ ಮುನ್ನೂರೋ ಹೆಚ್ಚಿರುತ್ತಿತ್ತು. ಕಡಿಮೆಯಾದರೆ ಕಳ್ಳತನ ಎನ್ನಬಹುದು. ಹೆಚ್ಚಾದರೆ ಏನೆನ್ನುವುದು?

ಹುಬ್ಬಿಗೆ ಥ್ರೆಡಿಂಗ್ ಮಾಡುವ ಹೆಂಗಸು ತಂಗಿಯ ಕಾಲದಿಂದ ಇದ್ದವಳು. ಅವಳನ್ನು ಕೇಳಿದೆ.

"ನನ್ನದಲ್ಲ ಅಕ್ಕ. ನನ್ನ ಹತ್ತಿರ ಹೆಚ್ಚು ಇದ್ದರೆ ನಾನು ನಿಮ್ಮಲ್ಲಿ ಯಾಕೆ ಅಡ್ವಾನ್ಸ್ ಕೇಳ್ತಿದ್ದೆ ಮಾರಾಯ್ರೆ?" ನಕ್ಕವಳು ದನಿ ತಗ್ಗಿಸಿದಳು. "ಮಧ್ಯಾಹ್ನ ನೀವು ಊಟಕ್ಕೆ ಹೋದಾಗ ಡ್ರಾಯರು ಎಳೆದ ಶಬ್ದ ಆಗ್ತದೆ. ನಾನು ಒಳಗೆ ವ್ಯಾಕ್ಸ್ ಮಾಡ್ತಾ ಇರ್ತೇನೆ, ಬಂದು ನೋಡುವುದಿಲ್ಲ."

ಆ ತಿಂಗಳು ಹೆಚ್ಚಿನದನ್ನು 'ಇತರ ಆದಾಯ' ಎಂದು ಬರೆದೆ. ಬಾಡಿಗೆ, ಸಂಬಳ, ಕರೆಂಟು, ಸಾಮಾನು ಕಳೆದರೂ ಲಾಭ ಉಳಿಯಿತು. ಆದರೂ ಆ ಹೆಚ್ಚಿನ ಹಣ ಎಲ್ಲಿಯದೆಂದು ತಿಳಿಯದೆ ಮಾಲಕರಿಗೆ ಫೋನು ಮಾಡಲು ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಹೊರಟವಳು ಮೆಟ್ಟಿಲಿಂದ ಹಿಂದಿರುಗಿದೆ. ಗಾಜಿನ ಬಾಗಿಲಿನಾಚೆ ಕನ್ನಡಿಯೊಳಗೆ ತಂಗಿಯ ಕುರ್ಚಿ ಕಾಣುತ್ತಿತ್ತು. ಅದರಲ್ಲಿ ತಲೆ ಬಗ್ಗಿಸಿ ಕುಳಿತಿದ್ದವಳ ಹೆಗಲು ತಂಗಿಯದೇ. ಬಾಗಿಲು ತಳ್ಳಿದೆ. ಆಮೇಲೆ ಬಿಳಿ ಕೂದಲು ಕಂಡಿತು. ಅಮ್ಮ. ಮನೆಯಲ್ಲಿ ಒಬ್ಬಳೇ ಇರಲಾರೆನೆಂದು ದಿನಾ ನನ್ನೊಡನೆ ಬಂದು ಕೂರುತ್ತಿದ್ದಳು. ಈಗ ಬೀಡಿ ಕಟ್ಟಿ ಉಳಿಸಿದ ಹಣವನ್ನು ಸೆರಗಿನಿಂದ ಬಿಚ್ಚಿ ಡ್ರಾಯರಿಗೆ ಹಾಕುತ್ತಿದ್ದಳು.

"ಎಂತ ಅಮ್ಮ ಇದು?"

"ನಿನ್ನ ತಂಗಿಯೇ ಕೇಳಿದ್ದು ಮಗಾ. ಇಲ್ಲಿ ಕೂತರೆ ಅವಳ ದನಿ ಕೇಳ್ತದೆ. ಡ್ರಾಯರಲ್ಲಿ ಕಡಿಮೆ ಉಂಟು ಅಂತಾಳೆ."

"ಅಮ್ಮ, ಇದು ಅಂಗಡಿಯ ದುಡಿಮೆ ಅಲ್ಲ, ನಿನ್ನ ದುಡ್ಡು. ಇದನ್ನು ಬಿಟ್ಟರೆ ಅಂಗಡಿ ನಷ್ಟದಲ್ಲಿ ಉಂಟು."

"ನಷ್ಟ ಆದರೆ ಬಿಡ್ತಿ ಅಲ್ವಾ?" ಅಮ್ಮ ಕನ್ನಡಿಯ ಕಡೆಗೇ ನೋಡುತ್ತಿದ್ದಳು. "ಮತ್ತೆ ಅವಳು ಎಲ್ಲಿಗೆ ಬರುವುದು?"

ನಾನು ಡ್ರಾಯರು ಮುಚ್ಚಿದೆ. ತಿರುಗಿ ಕನ್ನಡಿ ನೋಡಲಿಲ್ಲ.

ಸಂಜೆ 'ಇತರ ಆದಾಯ' ಹೊಡೆದುಹಾಕಿ ಆ ಮೊತ್ತವನ್ನು ಅಮ್ಮ ತಂದ ಬಂಡವಾಳ ಎಂದು ಬೇರೆ ಬರೆದೆ. ಲಾಭದ ಜಾಗದಲ್ಲಿ ನಷ್ಟ ಬಂತು, ಸಾವಿರದ ಚಿಲ್ಲರೆ. ಮಾಲಕರಿಗೆ ಫೋನು ಮಾಡಿ ಮಳೆಗಾಲ ಮುಗಿಯುವವರೆಗೆ ಇಟ್ಟುಕೊಳ್ಳುತ್ತೇವೆ ಎಂದೆ. ಬರುವ ತಿಂಗಳ ಬಾಡಿಗೆಗೆ ನನ್ನ ಉಳಿತಾಯದಿಂದ ಕೊಟ್ಟದ್ದನ್ನು ಅಮ್ಮನ ಮೊತ್ತದ ಕೆಳಗೆ ಬರೆದುಕೊಂಡೆ. ಎರಡೂ ಲಾಭ ಅಲ್ಲ ಎಂದು ಈಗ ಅಮ್ಮನಿಗೂ ನನಗೂ ಗೊತ್ತು.