ಹನ್ನೆರಡರಲ್ಲಿ ಒಂದು ಪಾಲು

ನಮ್ಮ ಹಳೆಯ ಆಫೀಸಿನವರು ನಾಲ್ಕು ಜನ ಸೇರಿದರೆ ಸಾಕು, ಆ ಕಥೆ ಹೊರಬರುತ್ತದೆ. ಮೈಸೂರಿನಿಂದ ಬಂದ ಹುಡುಗಿಯೊಬ್ಬಳು, ಕೆಲಸಕ್ಕೆ ಸೇರಿ ಇನ್ನೂ ಏಳನೇ ತಿಂಗಳು, ಮ್ಯಾನೇಜರ್ ಕೋಣೆಗೆ ನುಗ್ಗಿ ವಾದ ಮಾಡಿ, ಊರಿಗೆ ಹೊರಟಿದ್ದ ಅಂಕಲ್‌ಗೆ ಹದಿಮೂರನೇ ತಿಂಗಳ ಸಂಬಳ ಕೊಡಿಸಿದಳಂತೆ. ಆ ಹುಡುಗಿ ನಾನೇ. ಕೋಣೆ ನಿಜ, ಅಂಕಲ್ ನಿಜ, ವಾದವೂ ನಿಜ. ಕೊಡಿಸಿದ್ದು ಮಾತ್ರ ಸುಳ್ಳು. ನನ್ನ ವಾದವನ್ನು ನಂಬಿಕೊಂಡಿದ್ದರೆ ಅವರು ಆ ದುಡ್ಡಿಲ್ಲದೆಯೇ ವಿಮಾನ ಹತ್ತಬೇಕಿತ್ತು. ಹೀಗೆಂದರೆ ಎಲ್ಲರೂ ನನ್ನದು ವಿನಯ ಅನ್ನುತ್ತಾರೆ. ನನ್ನನ್ನು ಬಲ್ಲವರು ಯಾರೂ ನನ್ನ ಮೇಲೆ ಆ ಆರೋಪ ಹೊರಿಸಿದ್ದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮದು ದುಬೈನ ಅಲ್ ಕೂಜ್‌ನಲ್ಲಿದ್ದ ಕಾರ್ಗೋ ಕಂಪನಿ. ದುಬೈ, ಅಬುಧಾಬಿಯ ಫಿಲಿಪಿನೋಗಳು ಮನೆಗೆ ಕಳಿಸುವ ಸೊಂಟದೆತ್ತರದ ರಟ್ಟಿನ ಪೆಟ್ಟಿಗೆಗಳನ್ನು ಹಡಗಿಗೆ ಹಾಕುವುದೇ ಕಸುಬು. ನಾನು ಬರುವ ಹಿಂದಿನ ವರ್ಷವಷ್ಟೇ ಮನಿಲಾದ ಒಂದು ಕಂಪನಿ ಅದನ್ನು ಕೊಂಡುಕೊಂಡಿತ್ತು. ಅವರ ದೇಶದಲ್ಲಿ ವರ್ಷದ ಕೊನೆಗೆ ಹೆಚ್ಚುವರಿಯಾಗಿ ಕೊಡುವ ಹದಿಮೂರನೇ ತಿಂಗಳ ಸಂಬಳ ಎಂಬುದು ಕಾನೂನು. ಎಮಿರೇಟ್ಸ್‌ನಲ್ಲಿ ಅಂಥ ಕಾನೂನಿಲ್ಲ. ಆದರೆ ಮನಿಲಾದವರು ತಮ್ಮ ಕರಾರುಪತ್ರವನ್ನೇ ನಮಗೂ ಕಳಿಸಿದ್ದರಿಂದ ಆ ಷರತ್ತು ಕೂಡ ಅದರೊಳಗೆ ಕೂತು ಬಂದಿತ್ತು. ಗೋದಾಮಿನಿಂದ ಕೌಂಟರಿನವರೆಗೆ ಎಲ್ಲರೂ ಸಹಿ ಹಾಕಿದ್ದರು. ಓದಿದವರು ಕಡಿಮೆ. ಎಲ್ಲರ ಬಾಯಲ್ಲೂ ಅದು ‘ಕ್ರಿಸ್ಮಸ್ ಬೋನಸ್’.

ಓದಿದ್ದ ಒಬ್ಬರೆಂದರೆ ಸಂಬಳದ ಲೆಕ್ಕ ನೋಡುತ್ತಿದ್ದ ಫಿಲಿಪಿನೋ ಹೆಂಗಸು. ಅವರ ಭಾಷೆಯಲ್ಲಿ ಅಕ್ಕನಿಗೆ ‘ಆತೆ’ ಅನ್ನುತ್ತಾರೆ. ಆಫೀಸಿಗೆಲ್ಲ ಅವರು ಆತೆಯೇ, ಮಲಬಾರಿ ಡ್ರೈವರ್‌ಗೂ ಸಹ. ನಾನು ಅವರ ಸಹಾಯಕಿ. ಅವರ ಮಾತು ಕಡಿಮೆ, ನನ್ನದು ಹೆಚ್ಚು. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಫಲಕ ತಂದವಳು ನಾನು. ಯಾವ ಪಕ್ಷ ಕೊಟ್ಟರೂ ಗೆಲ್ಲಬೇಕು ಎಂದು ಕಲಿಸಿದ್ದರು. ಗೆಲ್ಲುವುದಕ್ಕೂ ಸರಿ ಇರುವುದಕ್ಕೂ ವ್ಯತ್ಯಾಸವಿದೆ ಎಂದು ಯಾರೂ ಕಲಿಸಿರಲಿಲ್ಲ.

ಅಂಕಲ್ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್. ಉಡುಪಿ ಕಡೆಯ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ, ನನ್ನ ಜೊತೆ ಕನ್ನಡ. ಗಾಜಿನ ಸಾಮಾನನ್ನು ಟವೆಲಿನಲ್ಲಿ ಸುತ್ತಿ ಅಕ್ಕಿ ಚೀಲಗಳ ನಡುವೆ ಕೂರಿಸಿದರೆಂದರೆ ಎರಡು ತಿಂಗಳು ಸಮುದ್ರದಲ್ಲಿ ಓಲಾಡಿದರೂ ಒಡೆಯುತ್ತಿರಲಿಲ್ಲ. ಎಂಟು ವರ್ಷ ದುಡಿದು, ಅಕ್ಟೋಬರ್ ಕೊನೆಗೆ ಬಿಟ್ಟು ಊರಿಗೆ ಹೊರಟಿದ್ದರು. ಗ್ರಾಚುಟಿಯ ಹಣ ಪೂರ್ತಿ ಊರಿನ ಸೊಸೈಟಿಯ ಮನೆಸಾಲಕ್ಕೆ ಹೋಗುವುದಿತ್ತು. ಉಳಿದ ಆಸೆ ಒಂದೇ. ಅವರ ಹೆಂಡತಿ ಮದುಮಗಳ ಬಿಳಿ ಗೌನುಗಳನ್ನು ಹೊಲಿಯುತ್ತಿದ್ದರು. ಕಾಲಲ್ಲಿ ತುಳಿಯುವ ಹಳೆಯ ಮೆಷಿನ್. ಕಸೂತಿಯನ್ನೂ ಹಾಕುವ ಕರೆಂಟಿನ ಮೆಷಿನ್ ಒಂದನ್ನು ಅಂಕಲ್ ದೇರಾದ ಅಂಗಡಿಯಲ್ಲಿ ನೋಡಿಟ್ಟಿದ್ದರು. ಸಾವಿರದ ಇನ್ನೂರ ಐವತ್ತು ದಿರಹಂ. ಗುರುವಾರದವರೆಗೆ ಬೇರೆಯವರಿಗೆ ಮಾರುವುದಿಲ್ಲ ಎಂದು ಅಂಗಡಿಯವನು ಮಾತು ಕೊಟ್ಟಿದ್ದ. ಶುಕ್ರವಾರ ಇವರ ವಿಮಾನ.

“ಇನ್ನು ಊರಲ್ಲಿ ನಮ್ಮ ಅನ್ನ ಅದರಿಂದಲೇ ಬರ್ಬೇಕು ಮಾರಾಯ್ತಿ,” ಎಂದಿದ್ದರು. “ನಾನು ಎಂತ ಮಾಡ್ಲಿಕ್ಕುಂಟು ಅಲ್ಲಿ? ಪೆಟ್ಟಿಗೆ ಕಟ್ಟುದಾ? ಆ ಬೋನಸ್ ಸಿಕ್ಕಿದ್ರೆ ಮೆಷಿನ್ ಬರ್ತದೆ. ಇಲ್ಲದಿದ್ರೆ ಇಲ್ಲ.”

ಮ್ಯಾನೇಜರ್ ಮುಂಬೈಯವರು, ಕೆಟ್ಟವರಲ್ಲ. ಅಂಕಲ್‌ರ ಅಂತಿಮ ಲೆಕ್ಕದ ಹಾಳೆಯಲ್ಲಿ ಹದಿಮೂರನೇ ತಿಂಗಳ ಜಾಗದಲ್ಲಿ ಅಡ್ಡಗೆರೆ ಎಳೆದಿದ್ದರು. ಅದನ್ನು ಕೊಡುವುದು ಡಿಸೆಂಬರಿನಲ್ಲಿ, ಡಿಸೆಂಬರಿನಲ್ಲಿ ಈ ಮನುಷ್ಯ ಇಲ್ಲಿರುವುದಿಲ್ಲ, ಖಲಾಸ್. ಮಂಗಳವಾರ ಬೆಳಿಗ್ಗೆ ಆ ಗೆರೆ ನೋಡಿದ್ದೇ ತಡ, ನಾನು ಎದ್ದೆ. ಆತೆ ಒಂದು ಫೈಲ್ ತೆಗೆದುಕೊಂಡು ನನ್ನ ಹಿಂದೆ ಬಂದರು.

ನನ್ನ ವಾದ ಹೀಗಿತ್ತು. ಹದಿಮೂರನೇ ತಿಂಗಳ ಸಂಬಳವೆಂದರೆ ಒಂದು ತಿಂಗಳ ಸಂಬಳ. ಗ್ರಾಚುಟಿಯನ್ನು ಹೇಗೆ ಕೊನೆಯ ತಿಂಗಳ ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತೇವೋ ಇದನ್ನೂ ಹಾಗೆಯೇ ಹಾಕಬೇಕು. ಇಲ್ಲಿ ಎಲ್ಲ ಲೆಕ್ಕವೂ ನಡೆಯುವುದು ಕೊನೆಯ ಮೂಲ ವೇತನದ ಮೇಲೇ. ಆದ್ದರಿಂದ ವರ್ಷದ ಕೊನೆಯಲ್ಲಿ ಒಬ್ಬ ನೌಕರನ ಮೂಲ ವೇತನ ಎಷ್ಟಿದೆಯೋ ಅಷ್ಟು ಅವನ ಹಕ್ಕು. ಹತ್ತು ನಿಮಿಷ ಮಾತಾಡಿದೆ. ನಿಷ್ಠೆ, ನ್ಯಾಯ ಎಲ್ಲ ಬಂತು.

ಮ್ಯಾನೇಜರ್ ನನ್ನನ್ನು ‘ಡಿಬೇಟ್ ಮೇಡಂ’ ಎಂದೇ ಕರೆಯುತ್ತಿದ್ದದ್ದು. ಪೂರ್ತಿ ಕೇಳಿಸಿಕೊಂಡು, ಚಹಾದ ಲೋಟ ಕೆಳಗಿಟ್ಟು, ಹಿಂದಿಯಲ್ಲಿ ಶಾಂತವಾಗಿ ಹೇಳಿದರು:

“ಸರಿಯಾಗಿದೆ, ಡಿಬೇಟ್ ಮೇಡಂ. ವರ್ಷದ ಕೊನೆಯ ಮೂಲ ವೇತನ. ಡಿಸೆಂಬರಿನಲ್ಲಿ ಇವರ ಮೂಲ ವೇತನ ಎಷ್ಟು?”

ಉತ್ತರ ಸೊನ್ನೆ. ಅವರಿಗೆ ಬೇಕಾಗಿದ್ದ ಸೂತ್ರವನ್ನು ನಾನೇ ಕಟ್ಟಿ, ಪ್ಯಾಕ್ ಮಾಡಿ, ಮೇಜಿನ ಮೇಲಿಟ್ಟಿದ್ದೆ. ಫಲಕ ಗೆದ್ದ ಮೂರು ವರ್ಷಗಳಲ್ಲಿ ಅಷ್ಟು ಚೊಕ್ಕವಾಗಿ ಸೋತದ್ದು ನೆನಪಿಲ್ಲ.

ಆಗ ಆತೆ ಫೈಲಿನಿಂದ ಕರಾರುಪತ್ರ ತೆಗೆದು ಮ್ಯಾನೇಜರ್ ಮುಂದೆ ತಿರುಗಿಸಿಟ್ಟರು. ಅವರ ಇಂಗ್ಲಿಷ್ ನಿಧಾನ, ಪ್ರತಿ ಪದದ ನಡುವೆ ಜಾಗ ಬಿಟ್ಟಂತೆ.

“ಇದು ಒಂದು ತಿಂಗಳ ಸಂಬಳ ಅಲ್ಲ, ಸರ್. ಈ ವರ್ಷದಲ್ಲಿ ಅವರು ದುಡಿದ ಒಟ್ಟು ಮೂಲ ವೇತನದ ಹನ್ನೆರಡರಲ್ಲಿ ಒಂದು ಪಾಲು. ಡಿಸೆಂಬರ್ ಅನ್ನೋ ಪದ ಇಲ್ಲಿ ಇರೋದು ಕೊಡೋ ಗಡುವಿಗೆ ಮಾತ್ರ. ಅವರು ಹತ್ತು ತಿಂಗಳು ದುಡಿದಿದ್ದಾರೆ. ಹತ್ತು ತಿಂಗಳದ್ದು ಆಗಲೇ ಅವರದ್ದು.”

ಮ್ಯಾನೇಜರ್ ಷರತ್ತನ್ನು ಎರಡು ಸಲ ಓದಿದರು. ಮಧ್ಯದಲ್ಲಿ ಬಿಟ್ಟುಹೋದವರಿಗೂ ಮನಿಲಾದಲ್ಲಿ ಹೀಗೇ ಕೊಡುತ್ತಾರಾ ಎಂದು ಕೇಳಿದರು. ಆತೆ ಹೌದೆಂದು ತಲೆಯಾಡಿಸಿದರು. ತಾವು ಇಷ್ಟು ದಿನ ಇದನ್ನು ಬೋನಸ್ ಎಂದೇ ತಿಳಿದಿದ್ದಾಗಿ ಒಪ್ಪಿಕೊಂಡು ಮ್ಯಾನೇಜರ್ ತಮ್ಮ ಅಡ್ಡಗೆರೆಯನ್ನು ತಾವೇ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದರು. ಅಷ್ಟೇ. ಯಾರೂ ಮೇಜು ಗುದ್ದಲಿಲ್ಲ. ಕಥೆಯಲ್ಲಿ ನಾನು ಗುದ್ದಿದ್ದೇನೆ ಎಂದು ಕೇಳಿದ್ದೇನೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮೊತ್ತ ತುಂಬುವ ಕೆಲಸ ನನ್ನದು. ಗ್ರಾಚುಟಿ ಲೆಕ್ಕ ಹಾಕಿ ಹಾಕಿ ಕೈ ಪಳಗಿತ್ತಲ್ಲ, ಅಂಕಲ್‌ರ ಕೊನೆಯ ಮೂಲ ವೇತನ ಸಾವಿರದ ಇನ್ನೂರು, ಗುಣಿಸು ಹತ್ತು, ಭಾಗಿಸು ಹನ್ನೆರಡು. ಒಂದು ಸಾವಿರ ಬಂತು. ಮೆಷಿನಿಗೆ ಇನ್ನೂರ ಐವತ್ತು ಕಡಿಮೆ. ಗೋದಾಮಿಗೆ ಹೋಗಿ ಅಂಕಲ್‌ಗೆ ಹೇಳಿಯೂ ಬಿಟ್ಟೆ. ಅವರು ಟೇಪಿನ ಉರುಳೆಯನ್ನು ಕೈಯಲ್ಲೇ ತಿರುಗಿಸುತ್ತ ಕೇಳಿದರು, “ಓವರ್‌ಟೈಮ್ ಸೇರ್ತದಾ? ಸೆಪ್ಟೆಂಬರಲ್ಲಿ ತುಂಬ ಮಾಡಿದ್ದೇನೆ ನಾನು.” ಕ್ರಿಸ್ಮಸ್‌ಗೆ ಮುಟ್ಟಬೇಕಾದ ಪೆಟ್ಟಿಗೆಗಳೆಲ್ಲ ಆ ತಿಂಗಳಲ್ಲೇ ಹೊರಡಬೇಕು, ಅವರು ಎಷ್ಟು ದುಡಿದಿದ್ದರೆಂದು ನಾನೂ ನೋಡಿದ್ದೆ. ಕೇಳಿ ಬರುತ್ತೇನೆ ಎಂದೆ.

ಆತೆ ಓವರ್‌ಟೈಮ್ ಸೇರುವುದಿಲ್ಲ ಎಂದರು. ಮನೆ ಭತ್ಯೆ ಇಲ್ಲ, ಸಾರಿಗೆ ಭತ್ಯೆ ಇಲ್ಲ, ಮೂಲ ವೇತನ ಮಾತ್ರ. ಆಮೇಲೆ ನನ್ನ ಹಾಳೆ ನೋಡಿ, ಈ ಸಾವಿರದ ಇನ್ನೂರು ಯಾವ ತಿಂಗಳದ್ದು ಎಂದು ಕೇಳಿದರು.

“ಅಕ್ಟೋಬರ್. ಕೊನೆಯದ್ದು.”

“ಜನವರಿಯದ್ದು ಎಷ್ಟು?”

ಆಗ ಹೊಳೆಯಿತು. ಜುಲೈನಲ್ಲಿ ಗೋದಾಮಿನವರ ಸಂಬಳವನ್ನು ಮರುಹೊಂದಿಸಿದ್ದರು. ಗಲ್ಫಿನಲ್ಲಿ ಇದ್ದವರಿಗೆ ಈ ಕೈಚಳಕ ವಿವರಿಸಬೇಕಿಲ್ಲ. ಕೈಗೆ ಬರುವ ಒಟ್ಟು ಸಂಬಳ ಅಷ್ಟೇ, ಮೂಲ ವೇತನ ಮಾತ್ರ ಇಳಿಯುತ್ತದೆ, ಭತ್ಯೆ ಏರುತ್ತದೆ. ಗ್ರಾಚುಟಿ ಕಡಿಮೆಯಾಗುತ್ತದೆ, ಯಾಕೆಂದರೆ ಗ್ರಾಚುಟಿ ನೋಡುವುದು ಕೊನೆಯ ಅಂಕಿಯನ್ನು. ಅಂಕಲ್‌ರದ್ದು ಸಾವಿರದ ಎಂಟುನೂರರಿಂದ ಇಳಿದಿತ್ತು. ಅವರೂ ಸಹಿ ಹಾಕಿದ್ದರು, ಎಲ್ಲರಂತೆ.

ಆತೆ ಹತ್ತು ತಿಂಗಳ ಸಂಬಳದ ಹಾಳೆಗಳನ್ನು ನನ್ನ ಮುಂದೆ ಇಟ್ಟು, ಒಂದೊಂದನ್ನೇ ಕೂಡಿಸು ಎಂದರು. ಜನವರಿಯಿಂದ ಜೂನ್, ಆರು ಸಲ ಸಾವಿರದ ಎಂಟುನೂರು. ಜುಲೈಯಿಂದ ಅಕ್ಟೋಬರ್, ನಾಲ್ಕು ಸಲ ಸಾವಿರದ ಇನ್ನೂರು. ಹದಿನೈದು ಸಾವಿರದ ಆರುನೂರು. ಹನ್ನೆರಡರಿಂದ ಭಾಗಿಸಿದರೆ ಸಾವಿರದ ಮುನ್ನೂರು. ಗ್ರಾಚುಟಿ ಮರೆತ ಆರು ತಿಂಗಳನ್ನು ಈ ಲೆಕ್ಕ ಮರೆತಿರಲಿಲ್ಲ. ನಾನು ಎರಡು ಸಲ ಭಾಗಿಸಿದೆ. ಎರಡನೆಯದು ಸಂತೋಷಕ್ಕೆ.

ಈ ಸಲ ಆತೆಯೇ ಗೋದಾಮಿಗೆ ಬಂದರು. ಓವರ್‌ಟೈಮ್ ಇಲ್ಲ ಎಂಬುದನ್ನು ಮೊದಲು ಹೇಳಿದರು, ಮೊತ್ತವನ್ನು ಆಮೇಲೆ. ಅಂಕಲ್ ಟೇಪು ಕೆಳಗಿಟ್ಟರು. ಆತೆಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಹೇಳಿ, ನನ್ನ ಕಡೆ ತಿರುಗಿದರು.

“ನೋಡು, ಐವತ್ತು ದಿರಹಂ ಹೆಚ್ಚೇ ಬಂತು. ನೂಲಿಗಾಯ್ತು,” ಎಂದರು. ಕಣ್ಣು ಒದ್ದೆಯಾಗಿತ್ತು. “ನೀನು ಚೆಂದ ಮಾತಾಡಿದ್ಯಂತೆ ಅಲ್ವಾ ಒಳಗೆ?”

ಇಲ್ಲ ಅಂಕಲ್ ಎಂದೆ. ಅವರು ನಂಬಲಿಲ್ಲ. ಸುಳ್ಳು ಕಥೆ ಹುಟ್ಟಿದ್ದು ಅಲ್ಲೇ, ಅವರ ಒಳ್ಳೆಯತನದಿಂದ. ಗುರುವಾರ ಮೆಷಿನ್ ಗೋದಾಮಿಗೆ ಬಂತು. ಅವರು ಕಟ್ಟಿದ ಕೊನೆಯ ಪೆಟ್ಟಿಗೆ ಅದು, ಮರುದಿನ ವಿಮಾನದಲ್ಲಿ ಅವರ ಜೊತೆಗೇ ಹೋಗುವಂಥದ್ದು. ಮೂರು ಟವೆಲ್, ಒಂದು ಕಂಬಳಿ, ಸೂಜಿಯ ಭಾಗಕ್ಕೆ ಬೇರೆಯೇ ಡಬ್ಬಿ. ಕಟ್ಟುವಾಗ ನಾವೆಲ್ಲ ಸುತ್ತ ನಿಂತಿದ್ದೆವು, ಮ್ಯಾನೇಜರ್ ಕೂಡ. ಎರಡು ತಿಂಗಳ ನಂತರ ಒಂದು ಫೋಟೋ ಬಂತು: ಬಿಳಿ ಗೌನು, ಅದರ ಅಂಚಿನುದ್ದಕ್ಕೂ ಸಣ್ಣ ಹೂಗಳು.

ಆ ಮನೆಗೆ ನಾನೇನೂ ಕೊಟ್ಟಿಲ್ಲ. ಪಡೆದದ್ದು ಮಾತ್ರ ಬಹಳ. ವಾದಿಸುವ ಮೊದಲು ಕಾಗದ ಓದಬೇಕು ಎಂಬುದು ಮೊದಲನೆಯದು, ಅದರಿಂದಲೇ ಇಂದಿಗೂ ಅನ್ನ ತಿನ್ನುತ್ತಿದ್ದೇನೆ. ಎರಡನೆಯದು ಆ ವರ್ಷದ ಡಿಸೆಂಬರಿನಲ್ಲಿ ಸಿಕ್ಕಿತು.

ಕ್ರಿಸ್ಮಸ್‌ಗೆ ಮುಂಚೆ ಎಲ್ಲರ ಹಾಳೆ ಸಿದ್ಧವಾಗಬೇಕಿತ್ತು. ನಾನು ಏಪ್ರಿಲ್ ಒಂದಕ್ಕೆ ಸೇರಿದವಳು, ಮೂಲ ವೇತನ ಎರಡು ಸಾವಿರ. ಒಂಬತ್ತು ತಿಂಗಳ ಹದಿನೆಂಟು ಸಾವಿರವನ್ನು ಹನ್ನೆರಡರಿಂದ ಭಾಗಿಸಿದರೆ ಸಾವಿರದ ಐನೂರು. ನಾನು ವಾದಿಸಿದ ಸೂತ್ರ ಗೆದ್ದಿದ್ದರೆ ನನಗೆ ಪೂರಾ ಎರಡು ಸಾವಿರ. ನ್ಯಾಯದ ಪರ ಅಷ್ಟು ಜೋರಾಗಿ ಮಾತಾಡಿದವಳಿಗೆ ಅದರಲ್ಲಿ ತನ್ನ ಲಾಭವೂ ಇತ್ತೆಂಬುದು ಆಗಷ್ಟೇ ಕಂಡಿತು. ನಗು ಬಂತು, ನಾಚಿಕೆಯೂ.

ಆಮೇಲೆ ಆತೆಯ ಸಾಲಿಗೆ ಬಂದೆ. ಮೂಲ ವೇತನ ಮೂರು ಸಾವಿರ, ವರ್ಷವಿಡೀ ಬದಲಾಗಿರಲಿಲ್ಲ. ಆದರೆ ಹಾಳೆಯಲ್ಲಿ ಫೆಬ್ರವರಿ, ಮಾರ್ಚ್ ಎರಡೂ ಅಂಕಣಗಳು ಖಾಲಿ. ನಾನು ಬರುವ ಮೊದಲು, ತಾಯಿಗೆ ಕಾಯಿಲೆಯಾಗಿ ಸಂಬಳವಿಲ್ಲದ ರಜೆಯ ಮೇಲೆ ಊರಿಗೆ ಹೋಗಿದ್ದರಂತೆ. ಹತ್ತು ತಿಂಗಳ ಮೂವತ್ತು ಸಾವಿರ, ಹನ್ನೆರಡರಲ್ಲಿ ಒಂದು ಪಾಲು ಎರಡೂವರೆ ಸಾವಿರ. ನನ್ನ ಸೂತ್ರದ ಪ್ರಕಾರ ಮೂರು ಸಾವಿರ ಬರಬೇಕಿತ್ತು. ಆ ಸಾಲಿನಲ್ಲಿ ಎರಡೂವರೆ ಸಾವಿರ ಎಂದು ಅವರದ್ದೇ ಕೈಬರಹದಲ್ಲಿತ್ತು.

ಅಂದರೆ ಆ ಮಂಗಳವಾರ, ಮ್ಯಾನೇಜರ್ ಒಪ್ಪಿದ್ದ ನನ್ನ ಸೂತ್ರವನ್ನು ತಿದ್ದದೆ ಆತೆ ಸುಮ್ಮನಿದ್ದಿದ್ದರೆ, ಅವರ ಪಾಲಿಗೆ ಐನೂರು ದಿರಹಂ ಹೆಚ್ಚಿತ್ತು.

ಅವರು ಎದುರಿನ ಮೇಜಿನಲ್ಲಿ ಲಕೋಟೆಗಳಿಗೆ ಹೆಸರು ಬರೆಯುತ್ತಿದ್ದರು. ಹಾಳೆ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ನಿಂತೆ.

“ಆತೆ, ಆ ದಿನ ನಾನು ಹತ್ತು ನಿಮಿಷ ಮಾತಾಡ್ತಾ ಇದ್ದಾಗ ನೀವು ಮನಸ್ಸಲ್ಲೇ ಮೊದಲು ಯಾರ ಲೆಕ್ಕ ಹಾಕಿದ್ರಿ, ಅಂಕಲ್‌ದಾ, ನಿಮ್ಮದಾ?”