ಗೌರಕ್ಕನ ಬಲಗಣ್ಣು

ಕೊಡಿಗೇನಹಳ್ಳಿಯ ಗೌರಕ್ಕ ಕುರಿ ಕಾಯುತ್ತಲೇ ತಲೆ ನರೆತವಳು. ಸಾಹೇಬರು ಬಂದರೆಂದು ಮುದುಡಿ ನಿಲ್ಲುವ ಜಾಯಮಾನ ಅವಳದಲ್ಲ. ಎಂಬತ್ತನೇ ಇಸವಿಯಲ್ಲಿ ಬೆಂಗಳೂರಿನ ಕಂಪನಿಯೊಂದು ಮಧುಗಿರಿಯಲ್ಲಿ ಕಣ್ಣಿನ ಕ್ಯಾಂಪ್ ನಡೆಸಿ, ಅವಳ ಎಡಗಣ್ಣಿನ ಪೊರೆ ತೆಗೆಸಿ, ದಪ್ಪ ಗಾಜಿನ ಕನ್ನಡಕ ಕೊಟ್ಟು, ಬಲಗಣ್ಣಿಗೆ ಬರೋ ವರ್ಷ ಬಾ ಎಂದು ಕಳಿಸಿತ್ತು. ಬಲಗಣ್ಣಿನಲ್ಲಿ ಕುರಿಯೂ ಒಂದೇ, ಕಲ್ಲೂ ಒಂದೇ. ಅವಳು ಆ ಬರೋ ವರ್ಷವನ್ನೇ ಕಾಯುತ್ತಿದ್ದಳು.

ಅಷ್ಟರಲ್ಲಿ ಜೀಪು ಬಂತು. ಇಳಿದವನು ಕಂಪನಿಯ ಪ್ರಚಾರ ವಿಭಾಗದ ಚನ್ನಮಲ್ಲಯ್ಯ, ಜೊತೆಗೊಬ್ಬ ಕ್ಯಾಮರಾದವನು. ವಾರ್ಷಿಕ ವರದಿ ಮಂಡಿಸುವ ದಿನ ಷೇರುದಾರರಿಗೆ ತೋರಿಸಲು ಸಮಾಜಸೇವೆಯ ಫಿಲ್ಮು ಬೇಕಿತ್ತಂತೆ. ನೂರು ಜನರ ಲೆಕ್ಕ ಹೇಳಿದರೆ ಆಕಳಿಸುತ್ತಾರೆ, ಒಬ್ಬಳ ಕಥೆ ಹೇಳಿದರೆ ಕರಗುತ್ತಾರೆ ಎಂಬುದು ಈ ಮಹಾಶಯನ ಸಿದ್ಧಾಂತ. ಗೌರಕ್ಕನ ಮುಖ ನೋಡುವ ಮೊದಲೇ ಅವಳ ಕಥೆಯನ್ನು ಬೆಂಗಳೂರಿನಲ್ಲೇ ಕೂತು ಬರೆದು ಮುಗಿಸಿದ್ದ. ಮೊದಲು ಕುರುಡಿಯ ಪರದಾಟ, ನಡುವೆ ಕ್ಯಾಂಪು, ಕೊನೆಗೆ ಎರಡೂ ಕಣ್ಣು ಅರಳಿಸಿದ ನಗು. ಹಿನ್ನೆಲೆಯಲ್ಲಿ ಓದುವ ಮಾತು ಕೂಡ ತಯಾರು.

"ಕನ್ನಡಕ ತೆಗಿ ಅಜ್ಜಿ. ಸೆರಗು ಮುಖಕ್ಕೆ ಎಳ್ಕೊಂಡು ಬೇಲಿ ಹಿಡಿದು ನಡಿ. ಸ್ವಲ್ಪ ಎಡವು."

ಪಾಪ, ಎಡವಿದಳು. ಅಂಗೈಗೆ ಮುಳ್ಳೂ ಚುಚ್ಚಿತು.

"ಈಗ ನಗು. ಎರಡು ಕಣ್ಣೂ ಕಾಣ್ತವೆ ಅನ್ನು."

"ಬಲಗಣ್ಣು ಕಾಣಾಕಿಲ್ವಲ್ಲ ಸ್ವಾಮಿ."

"ಕಾಣ್ತದೆ ಅಂದ್ರಾಯ್ತು. ಒಂದೇ ಕಣ್ಣು ಅಂದ್ರೆ ಕಂಪನಿ ಅರ್ಧ ಕೆಲ್ಸ ಮಾಡ್ದಂಗೆ ಕಾಣುತ್ತೆ."

"ಮಾಡಿರೋದೇ ಅರ್ಧ ಕಣಪ್ಪ. ಇನ್ನರ್ಧ ಮಾಡ್ಸು, ಆಮೇಲೆ ಹೊತ್ತು ಮುಳುಗೋಗಂಟ ನಗ್ತೀನಿ."

ಹೀಗೆಂದವಳೇ ಕನ್ನಡಕ ಏರಿಸಿಕೊಂಡು ಕುರಿ ಹಿಂದೆ ಹೊರಟುಹೋದಳು.

ಸಭೆಯ ದಿನ ಹತ್ತಿರವಾಗಿತ್ತು. ಬರೆದದ್ದನ್ನು ತಿದ್ದಿಕೊಳ್ಳುವ ಯೋಚನೆಯೇ ಚನ್ನಮಲ್ಲಯ್ಯನಿಗೆ ಬರಲಿಲ್ಲ. ಪಕ್ಕದ ಮನೆಯ ಈರಕ್ಕನನ್ನು ಕರೆದ. ಜನ್ಮದಲ್ಲಿ ಕಣ್ಣಿನ ಡಾಕ್ಟರ ಮುಖ ಕಾಣದ ಈರಕ್ಕ ಕನ್ನಡಕವೂ ಇಲ್ಲದೆ ಹಲ್ಲು ಬಿಟ್ಟು ನಕ್ಕಳು. ಮೊದಲ ಭಾಗದಲ್ಲಿ ಮುಖದ ಮೇಲೆ ಸೆರಗಿತ್ತಲ್ಲ, ಕೂಡಿಸಿದ್ದು ಯಾರಿಗೂ ತಿಳಿಯಲಿಲ್ಲ. ಷೇರುದಾರರು ಕರವಸ್ತ್ರ ಒದ್ದೆ ಮಾಡಿಕೊಂಡರು. ವರದಿಯಲ್ಲಿ ಈರಕ್ಕನ ಫೋಟೊ ಅಚ್ಚಾಯಿತು, ಕೆಳಗೆ 'ಎರಡೂ ಕಣ್ಣು ಪಡೆದ ಗೌರಕ್ಕ' ಎಂದು. ಥೂ, ನಾಚಿಕೆಯಾದರೂ ಬೇಡವೇ ಇವಕ್ಕೆ.

ಮರುವರ್ಷದ ಕ್ಯಾಂಪಿನಲ್ಲಿ ಹೆಸರು ಬರೆದುಕೊಳ್ಳಲು ಕೂತಿದ್ದವನೂ ಅದೇ ಚನ್ನಮಲ್ಲಯ್ಯ. ಗೌರಕ್ಕನನ್ನು ಕಂಡದ್ದೇ ಬೆವತ.

"ಅಜ್ಜಿ, ಗೌರಕ್ಕಂಗೆ ಎರಡು ಕಣ್ಣೂ ಬಂದಾಗಿದೆ. ಚೇರ್ಮನ್ನರು ಒಳಗೇ ಇದಾರೆ. ಮತ್ತೆ ಅದೇ ಹೆಸರು ಬರೆದ್ರೆ ನನ್ನ ಕೆಲ್ಸ ಹೋಗುತ್ತೆ." ದನಿ ತಗ್ಗಿಸಿ ವರದಿ ತೆಗೆದು ತೋರಿಸಿದ.

ಗೌರಕ್ಕ ಎಡಗಣ್ಣಿನ ಹತ್ತಿರ ಹಿಡಿದು ನೋಡಿದಳು. ಕೂಗಾಡಿದರೆ ವರದಿ ಸುಳ್ಳಾದೀತು ನಿಜ, ಕಣ್ಣು ಬಂದೀತೇ?

"ನಮ್ಮ ಈರಕ್ಕ ಗೌರಕ್ಕ ಆಗವ್ಳಾ? ಆಗ್ಲಿ ಬುಡು. ನನ್ನ ಹೆಸ್ರು ಈರಕ್ಕ ಅಂತ ಬರ್ಕೊ."

ಅವನು ಅತ್ತಿತ್ತ ನೋಡಿ, ತಲೆ ತಗ್ಗಿಸಿ ಬರೆದುಕೊಂಡ. ಮರುದಿನ ಡಾಕ್ಟರು ಈರಕ್ಕನ ಬಲಗಣ್ಣಿನ ಪೊರೆ ತೆಗೆದರು, ಗೌರಕ್ಕನಿಗೆ ಕಂಡಿತು.