ಗಣಿಯೊಳಗಿನ ಸೀನಿಗೆ ಹೊತ್ತು ಬರೆಯುವುದು

ಆಗಸ್ಟ್ ಆರು, ಬೆಳಗ್ಗೆ ಹತ್ತು ಇಪ್ಪತ್ತು. ಬಂಗಾರಪೇಟೆಯ ಡಿಟಿಪಿ ಅಂಗಡಿಯಲ್ಲಿ ನಾನು ಈ ಕೆಲಸಕ್ಕೆ ಕುಳಿತ ಹೊತ್ತು ಡೈರಿಯಲ್ಲಿ ಹೀಗಿದೆ. ಕೆಲಸ ತಂದವರು ಊರಿಗಾಂನ ಒಬ್ಬ ತಾತ. ಅಲ್ಲಿನ ಚಿನ್ನದ ಗಣಿ ಮುಚ್ಚುವ ತನಕ ಭೂಮಿಯೊಳಗೆ ದುಡಿದವರು. ಅವರ ಚೀಲದಲ್ಲಿ ಹದಿನಾಲ್ಕು ಹಾಳೆಗಳಿದ್ದವು. ಗಣಿಯೊಳಗಿನ ಗಂಡ, ಮೇಲೆ ಮನೆಯಲ್ಲಿರುವ ಹೆಂಡತಿ, ಇಬ್ಬರ ಒಂದು ಕಿರುಚಿತ್ರದ ಕಥೆ. ಜಾಗ, ಮಾತು, ಮನಸ್ಸಿನ ಯೋಚನೆ ಎಲ್ಲವೂ ಪತ್ರದ ಹಾಗೆ ಒಂದೇ ಓಟದಲ್ಲಿ ಬರೆದದ್ದು.

"ಇಂಗೆ ಕೊಟ್ರೆ ಡೈರೆಕ್ಟ್ರು ಓದಕಿಲ್ವಂತೆ ಕಣಮ್ಮ. ಸ್ಕ್ರಿಪ್ಟ್ ತರ ಇರ್ಬೇಕಂತೆ. ಇವತ್ತು ಐದು ಗಂಟೆಯೊಳ್ಗೆ ಅವರ ಫೋನಿಗೆ ಓಗ್ಬೇಕು. ಎರಡು ಕತೆ ಅವೆ, ನಾಳೆ ಒಂದು ಆರಿಸ್ತಾರೆ."

"ಇನ್ನೊಂದು ಯಾರ್ದು ತಾತ?"

"ಯಾರ್ದಾದ್ರೂ ಆಗ್ಲಿ. ನಂದು ಓದಿಸ್ಕೊಂಡಾದ್ರೂ ಸೋಲ್ಬೇಕು."

ನಿರ್ದೇಶಕರು ಕಳಿಸಿದ್ದ ಮಾದರಿ ಪುಟ ನೋಡಿ ಮೊದಲು ಕಂಪ್ಯೂಟರಿನಲ್ಲಿ ಒಂದೊಂದು ಬಗೆಯ ಸಾಲಿಗೆ ಒಂದೊಂದರಂತೆ ನಾಲ್ಕು ಸ್ಟೈಲ್ ಮಾಡಿಕೊಂಡೆ: ಸೀನಿನ ತಲೆಬರಹ, ವಿವರಣೆ, ಪಾತ್ರದ ಹೆಸರು, ಮಾತು. ಸ್ಪೇಸ್ ಒತ್ತಿ ಮಾತನ್ನು ಒಳಕ್ಕೆ ತಳ್ಳಿದರೆ ಒಂದು ಪದ ಬದಲಾದರೂ ಸಾಲು ಕೆಡುತ್ತದೆ. ಹಾಗಾಗಿ ಮಾತಿಗೆ ಪುಟದ ಎಡ ಅಂಚಿನಿಂದ ಎರಡೂವರೆ ಇಂಚು, ಹೆಸರಿಗೆ ಅದಕ್ಕಿಂತ ಇನ್ನೂ ಒಂದಿಂಚಿಗೂ ಹೆಚ್ಚು ಒಳಗೆ ಎಂದು ಸ್ಟೈಲಿನಲ್ಲೇ ಕೊಟ್ಟೆ. ಇಂಗ್ಲಿಷಿನ ಹಾಗೆ ನಮ್ಮಲ್ಲಿ ದೊಡ್ಡಕ್ಷರವಿಲ್ಲವಲ್ಲ, ತಲೆಬರಹ ಮತ್ತು ಹೆಸರುಗಳನ್ನು ದಪ್ಪ ಮಾಡಿದೆ. ಜಾಗವೋ ಹೊತ್ತೋ ಬದಲಾದಲ್ಲೆಲ್ಲ ಹೊಸ ಸೀನು. ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ, ಈ ಮೂರೂ ಒಂದೇ ಸಾಲಿನಲ್ಲಿ ಬರಬೇಕು.

"ಅವಳಿಗೆ ತವರು ನೆನಪಾಯಿತು" ಎಂಬ ವಾಕ್ಯಕ್ಕೆ ಬಂದು ನಿಂತೆ.

"ಇದನ್ನ ಕ್ಯಾಮೆರಾ ಹೆಂಗೆ ನೋಡುತ್ತೆ ತಾತ?"

"ಅವಳ ತವರು ಬೇತಮಂಗಲದ ಬಸ್ಸು ಓಗೋದನ್ನ ನೋಡ್ತಾ ನಿಂತ್ಕಂತಾಳೆ ಅಂತ ಬರಿ" ಎಂದರು. ಹಾಗೆ ಒಟ್ಟು ಏಳು ಕಡೆ ಬದಲಾಯಿಸಿದೆವು.

ಮೂರೂವರೆಗೆ ಮುಗಿಯಿತು. ಹತ್ತೊಂಬತ್ತು ಪುಟ, ಇಪ್ಪತ್ತೆರಡು ಸೀನು. ತಾತ ಟೀ ಕುಡಿಯಲು ಹೋಗಿದ್ದರು. ಅವರು ಬರುವ ತನಕ ಕಾಯದೆ, ಅವರಿಗೆ ತೋರಿಸದೆ ನಿರ್ದೇಶಕರ ಫೋನಿಗೆ ಕಳಿಸಿಬಿಟ್ಟೆ.

ನಾಲ್ಕು ಗಂಟೆ ಐದು ನಿಮಿಷಕ್ಕೆ, ಟೀ ಮುಗಿಸಿ ಬಂದಿದ್ದ ತಾತನ ಫೋನಿಗೆ ನಿರ್ದೇಶಕರ ಕರೆ. ಸ್ಪೀಕರಿಗೆ ಹಾಕಿದರು.

"ಸಾರ್, ಹತ್ತು ರಾತ್ರಿ ಸೀನ್ ಇವೆ. ನಮ್ಗಿರೋದು ಒಂದೇ ರಾತ್ರಿ ಶೂಟಿಂಗ್. ಅಲ್ದೆ ಗಂಡ ರಾತ್ರಿ ಕಲ್ಲಿನಡಿ ಸಿಕ್ಕಿಕೊಳ್ತಾನೆ, ಹೆಂಡತಿ ಮಾರನೇ ದಿನ ಹಗಲು ಓಡಿ ಬರ್ತಾಳೆ. ಅಷ್ಟೊತ್ತು ಏನ್ಮಾಡ್ತಿದ್ಲು?"

ತಾತ ತಾವು ಬರೆದ ಹಾಳೆಗಳನ್ನು ತಿರುವಿ ಹಾಕಿದರು. ಗಣಿಯ ಭಾಗದಲ್ಲಿ ಎಲ್ಲೂ ರಾತ್ರಿ ಎಂದು ಬರೆದಿರಲಿಲ್ಲ. ಹಗಲು ಎಂದೂ ಇರಲಿಲ್ಲ. 'ಮೊದಲ ಶಿಫ್ಟು' ಎಂದಿತ್ತು, ಅಷ್ಟೇ. ಅದು ಬೆಳಗಿನ ಪಾಳಿ ಎಂದು ನನಗೆ ಹೊಳೆದಿರಲಿಲ್ಲ. ಗಣಿಯೊಳಗೆ ಕತ್ತಲೆ, ಹಣೆಯ ದೀಪದ ಬೆಳಕು ಎಂದು ಓದಿದ ನಾನು ಗಣಿಯ ಒಂಬತ್ತೂ ಸೀನಿಗೆ ರಾತ್ರಿ ಎಂದು ಹಾಕಿದ್ದೆ.

"ಅಲ್ಲ ಕಣಮ್ಮ, ಕೆಳಗೆ ಕತ್ಲಾದ್ರೆ ಮೇಲೆ ಸೂರ್ಯ ಮುಳುಗ್ತಾನಾ? ಮನೆ ಪಾತ್ರೆ ಅಲ್ಲಾಡಿದ್ದೂ ಕೆಳಗೆ ಬಂಡೆ ಸಿಡಿದಿದ್ದೂ ಒಂದೇ ಗಳಿಗೆ. ಅದಿಲ್ದಿದ್ರೆ ನನ್ನ ಕತೇಲಿ ಏನೈತೆ?"

ಅವರು ಮೆಲ್ಲಗೆ ಹೇಳಿದರು. ಅವರು ಬರೆದದ್ದು, ಹೇಳಿದ್ದು ಯಾವುದನ್ನೂ ಬಿಡದೆ ಟೈಪ್ ಮಾಡಿ, ನನ್ನದೊಂದು ಪದದಿಂದ ಅವರ ಕಥೆಯನ್ನು ಎರಡು ದಿನಕ್ಕೆ ಸೀಳಿದ್ದೆ.

ರಾತ್ರಿ ಎಂಬುದನ್ನು ಎಲ್ಲ ಕಡೆ ಒಂದೇ ಸಲಕ್ಕೆ ಬದಲಾಯಿಸಿದ್ದರೆ ಮನೆಯೊಳಗಿನ ನಿಜವಾದ ರಾತ್ರಿ ಸೀನೂ ಹಗಲಾಗುತ್ತಿತ್ತು. ಒಂದೊಂದಾಗಿ ತಿದ್ದಿದೆ. ಕಾರ್ಮಿಕರ ಸಾಲುಮನೆಯಲ್ಲಿ ಪಾತ್ರೆ ಅಲುಗುವ ಸೀನಿಗೆ 'ಒಳಗೆ. ಲೈನ್ ಮನೆ. ಹಗಲು' ಎಂದು ಮೊದಲೇ ಇತ್ತು, ಅದರ ಮುಂದಿನದಕ್ಕೆ 'ಒಳಗೆ. ಗಣಿ. ಹಗಲು, ಅದೇ ಗಳಿಗೆ' ಎಂದು ಹಾಕಿದೆ. ತಾತ ಪರದೆಗೆ ಬೆರಳು ಮುಟ್ಟಿಸಿದರು. "ಕೆಳಗೆ ಅಗಲು ಅಂತಾನೂ ನಾವು ಅಂದೋರಲ್ಲ. ಶಿಫ್ಟು ಬರಿ."

"ಶೂಟಿಂಗಿನವರಿಗೆ ಹಗಲು ರಾತ್ರಿ ಲೆಕ್ಕ ಬೇಕು ತಾತ."

"ಅಂಗಾದ್ರೆ ಎರಡೂ ಬರಿ."

'ಮೊದಲ ಶಿಫ್ಟು, ಹಗಲು' ಎಂದು ಒಂಬತ್ತು ಕಡೆ ಬರೆದೆ. ಈ ಸಲ ಅವರು ಇಪ್ಪತ್ತೆರಡು ತಲೆಬರಹಗಳನ್ನೂ ಜೋರಾಗಿ ಓದಿದ ಮೇಲೆಯೇ ಕಳಿಸಿದೆ. ನಾಲ್ಕು ಐವತ್ತೆರಡು.

ಮರುದಿನ ಹನ್ನೊಂದೂವರೆಗೆ ತಾತ ಅಂಗಡಿಗೆ ಬಂದರು. ಇವರ ಕಥೆಯೇ ಆಯ್ಕೆಯಾಗಿತ್ತು. ನಿರ್ದೇಶಕರು 'ಶಿಫ್ಟು' ಪದವನ್ನು ತಲೆಬರಹದಿಂದ ತೆಗೆಯಲು ಹೇಳಿದ್ದರಂತೆ. ತಾತ ಇನ್ನೂ ಒಪ್ಪಿರಲಿಲ್ಲ. ನನ್ನ ಅಭಿಪ್ರಾಯ ಕೇಳಲು ಬಂದಿದ್ದರು. ಆ ಪ್ರಶ್ನೆಯನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಸೂರ್ಯ ಕಾಣದ ಜಾಗದ ಸೀನಿಗೆ ಹೊತ್ತನ್ನು ಹೇಗೆ ಬರೆಯುತ್ತಾರೆ? ಸ್ಕ್ರಿಪ್ಟ್ ಬರೆದು ಪಳಗಿದವರು, ಗಣಿಯಲ್ಲಿ ದುಡಿದವರು, ತಿಳಿದವರು ಯಾರಿದ್ದರೂ ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ತಾತನಿಗೆ ಓದಿ ಹೇಳುತ್ತೇನೆ.